ಕಾಲು ಹಾಳೆಯ ದುಃಖ

1977ರ ಅಕ್ಟೋಬರ್ 25ರಂದು ಪ್ಯಾರಿಸ್ಸಿನಲ್ಲಿ ಆಂರಿಯೆತ್ ಬಾರ್ತ್ ಎಂಬ 84 ವರ್ಷದ ಹಿರಿಯ ಜೀವ ತೀರಿಕೊಂಡಿತು. ಅವರ ಮಗ ರೋಲಾಂ ಬಾರ್ತ್ ಆ ಹೊತ್ತಿಗೆ ಫ್ರಾನ್ಸಿನ ಹೆಸರಾಂತ ವಿಮರ್ಶಕ. ಭಾಷೆ, ಸಾಹಿತ್ಯ, ಫ್ಯಾಷನ್, ಜಾಹೀರಾತು, ಎಲ್ಲದರ ಬಗ್ಗೆಯೂ ಬರೆದು ಹೆಸರು ಮಾಡಿದ್ದವರು. ತಂದೆ ಮೊದಲ ಮಹಾಯುದ್ಧದಲ್ಲಿ ಸತ್ತಾಗ ಬಾರ್ತ್‌ಗೆ ಇನ್ನೂ ವರ್ಷ ತುಂಬಿರಲಿಲ್ಲ. ಅಲ್ಲಿಂದ ಮುಂದೆ ಅರವತ್ತು ವರ್ಷ ತಾಯಿಯೇ ಅವರ ಮನೆ. ಕೊನೆಯ ತಿಂಗಳುಗಳಲ್ಲಿ ಹಾಸಿಗೆ ಹಿಡಿದಿದ್ದ ತಾಯಿಯ ಆರೈಕೆ ಮಾಡಿದ್ದೂ ಅವರೇ.

ಮರುದಿನ ಬಾರ್ತ್ ಬರೆಯಲು ಕುಳಿತರು. ಬರೆದದ್ದು ಪ್ರಬಂಧವಲ್ಲ, ಚರಮಗೀತೆಯೂ ಅಲ್ಲ. ಟೈಪ್ ಮಾಡುವ ಮಾಮೂಲಿ ಹಾಳೆಗಳನ್ನು ನಾಲ್ಕು ಭಾಗ ಮಾಡಿ ಕತ್ತರಿಸಿ, ಆ ಚೀಟಿಗಳ ಕಟ್ಟನ್ನು ಮೇಜಿನ ಮೇಲೆ ಸದಾ ಇಟ್ಟುಕೊಳ್ಳತೊಡಗಿದರು. ಏನಾದರೂ ಹೊಳೆದಾಗ ಒಂದು ಚೀಟಿ ಎಳೆದುಕೊಂಡು, ದಿನಾಂಕ ಹಾಕಿ, ಒಂದೆರಡು ಸಾಲು ಗೀಚಿ ಬದಿಗಿಡುವುದು. ಹೆಚ್ಚಿನವು ಶಾಯಿಯಲ್ಲಿ, ಕೆಲವು ಪೆನ್ಸಿಲ್ಲಿನಲ್ಲಿ. ಇದು 1979ರ ಸೆಪ್ಟೆಂಬರ್ ತನಕ ನಡೆಯಿತು. ಒಟ್ಟು 330 ಚೀಟಿಗಳು. ಮೊದಲ ತಿಂಗಳುಗಳಲ್ಲಿ ಒಂದೇ ದಿನ ಹಲವು ಚೀಟಿಗಳಿವೆ, ಕೊನೆಕೊನೆಗೆ ತಿಂಗಳಿಗೆ ಬೆರಳೆಣಿಕೆಯಷ್ಟು. ಬಾರ್ತ್ ತೀರಿಕೊಂಡು ಸುಮಾರು ಮೂವತ್ತು ವರ್ಷಗಳಾದ ಮೇಲೆ, 2009ರಲ್ಲಿ, ಅವೆಲ್ಲ ‘ಶೋಕದ ದಿನಚರಿ’ ಎಂಬ ಅರ್ಥದ ಹೆಸರಿನಲ್ಲಿ ಪುಸ್ತಕವಾಗಿ ಹೊರಬಂದವು.

ಆ ಪುಸ್ತಕವನ್ನು ಓದುವವರಿಗೆ ಮೊದಲು ಕಣ್ಣಿಗೆ ಬೀಳುವುದು ಅದರ ಚೆಲ್ಲಾಪಿಲ್ಲಿತನ. ಒಂದು ಚೀಟಿಯಲ್ಲಿ ಶಬ್ದಕೋಶದಲ್ಲಿ ಕಂಡ ವಿವರವಿದೆ: ತಂದೆ ತಾಯಿಯ ಶೋಕಕ್ಕೆ ಹದಿನೆಂಟು ತಿಂಗಳ ಅವಧಿ ಎಂದು. ಇನ್ನೊಂದರಲ್ಲಿ ಬೇಕರಿಗೆ ಹೋದ ಪ್ರಸಂಗ. ಅಂಗಡಿಯ ಹುಡುಗಿ ಗಿರಾಕಿಗೆ ತಿನಿಸು ಕೊಡುತ್ತ ‘ತಗೊಳ್ಳಿ’ ಎನ್ನುವಂಥ ಒಂದು ಮಾತು ಆಡುತ್ತಾಳೆ. ಕಾಯಿಲೆ ಮಲಗಿದ್ದ ತಾಯಿಗೆ ಏನಾದರೂ ತಂದುಕೊಡುವಾಗ ಬಾರ್ತ್ ಆಡುತ್ತಿದ್ದುದು ಅದೇ ಮಾತು. ಕಣ್ಣು ತುಂಬುತ್ತದೆ, ಸದ್ದಿಲ್ಲದ ಮನೆಗೆ ಮರಳಿ ಬಹಳ ಹೊತ್ತು ಅಳುತ್ತಾರೆ. ಮತ್ತೊಂದರಲ್ಲಿ ಗೆಳೆಯರೊಂದಿಗೆ ಚೆನ್ನಾಗಿಯೇ ಮಾತಾಡಿಕೊಂಡಿದ್ದೇನಲ್ಲ ಎಂಬ ಬೆರಗು. ಮಗದೊಂದರಲ್ಲಿ ಇದನ್ನೆಲ್ಲ ಬರೆಯುತ್ತ ತಾಯಿಯ ಸಾವನ್ನು ಸಾಹಿತ್ಯ ಮಾಡಿಬಿಡುತ್ತೇನೋ ಎಂಬ ಭಯ. ಒಂದಕ್ಕೂ ಇನ್ನೊಂದಕ್ಕೂ ಕೊಂಡಿಯಿಲ್ಲ. ನಿನ್ನೆ ಬರೆದದ್ದನ್ನು ಇಂದಿನದು ಅಲ್ಲಗಳೆಯುತ್ತದೆ. ಬರವಣಿಗೆಯನ್ನೇ ಉಸಿರಾಡಿದ ಮನುಷ್ಯ ಎರಡು ವರ್ಷ ಹೀಗೆ ತುಣುಕು ತುಣುಕಾಗಿಯೇ ಬರೆದುದಕ್ಕೆ ಕಾರಣವಿದೆ. ಸಾವಾಗಿ ಕೆಲವು ತಿಂಗಳಾದವರ ದುಃಖ ಇರುವುದೇ ಆ ರೂಪದಲ್ಲಿ.

ಮಂದಿ ಹೋದ ಮೇಲೆ

ನಮ್ಮ ಕಡೆ ಸಾವಾದ ಮನೆಗೆ ಮೊದಲ ದಿನಗಳಲ್ಲಿ ಒಂದು ಚೌಕಟ್ಟು ಇರುತ್ತದೆ. ಮೂರನೆಯ ದಿನ, ಹನ್ನೊಂದು, ಹದಿಮೂರು, ವೈಕುಂಠ ಸಮಾರಾಧನೆ, ತಿಂಗಳ ಮಾಸಿಕ. ಒಬ್ಬೊಬ್ಬರ ಪದ್ಧತಿಯಲ್ಲಿ ಒಂದೊಂದು ಎಣಿಕೆ. ಮುಸ್ಲಿಂ ಮನೆಗಳಲ್ಲಿ ನಲವತ್ತನೆಯ ದಿನ, ಕ್ರೈಸ್ತರಲ್ಲಿ ತಿಂಗಳ ಪೂಜೆ. ಎಣಿಕೆ ಯಾವುದೇ ಇರಲಿ, ಮನೆಯಲ್ಲಿ ಜನರಿರುತ್ತಾರೆ, ಮಾಡಲು ಕೆಲಸವಿರುತ್ತದೆ, ಆಡಲು ಮಾತಿರುತ್ತದೆ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಹೆಂಗಸರು ಹಾಡ್ಯಾಡಿಕೊಂಡು ಅಳುವಾಗ ಸತ್ತವರನ್ನೇ ಕರೆದು, ಅವರು ತಂದ ಸೀರೆ, ಬಿತ್ತಿದ ಹೊಲ, ಉಳಿಸಿಹೋದ ಮಗು ಎಂದು ಒಂದೊಂದನ್ನೇ ಎತ್ತಿ ಹೇಳುತ್ತಾರೆ. ದುಃಖಕ್ಕೆ ದನಿಯೂ ಇದೆ, ಕೇಳುವ ಕಿವಿಯೂ ಇದೆ.

ಕಷ್ಟ ಶುರುವಾಗುವುದು ನಾಲ್ಕನೆಯ, ಐದನೆಯ ತಿಂಗಳಲ್ಲಿ. ನೆಂಟರು ಊರಿಗೆ ಹೋಗಿದ್ದಾರೆ, ರಜೆ ಮುಗಿದಿದೆ, ಕಂಡವರು ‘ಈಗ ಪರವಾಗಿಲ್ವಾ?’ ಎಂದು ಕೇಳುವುದನ್ನೂ ನಿಲ್ಲಿಸಿದ್ದಾರೆ. ಇಷ್ಟು ಹೊತ್ತಿಗೆ ಮನಸ್ಸು ಒಂದು ಹದಕ್ಕೆ ಬರಬೇಕಿತ್ತು ಎಂಬ ನಿರೀಕ್ಷೆ ಸುತ್ತಲಿನವರಿಗೂ ಇರುತ್ತದೆ, ನೊಂದವರಿಗೂ ಇರುತ್ತದೆ. ಆದರೆ ಮನಸ್ಸು ಬೆಳಿಗ್ಗೆ ಒಂದು ಥರ, ಸಂಜೆ ಇನ್ನೊಂದು ಥರ.

ನೆದರ್‌ಲೆಂಡ್ಸಿನ ಇಬ್ಬರು ಸಂಶೋಧಕರು, ಮಾರ್ಗರೆಟ್ ಸ್ಟ್ರೋಬ ಮತ್ತು ಹೆಂಕ್ ಸ್ಕುಟ್, 1999ರಲ್ಲಿ ಈ ತೂಗಾಟಕ್ಕೆ ಒಂದು ವಿವರಣೆ ಕೊಟ್ಟರು. ಆಪ್ತರನ್ನು ಕಳೆದುಕೊಂಡವರ ಮನಸ್ಸಿಗೆ ಎರಡು ಕೆಲಸ ಏಕಕಾಲಕ್ಕೆ ಬಂದು ಬೀಳುತ್ತವೆ. ಹೋದವರನ್ನು ನೆನೆಯುವುದು, ಹಂಬಲಿಸುವುದು, ಅಳುವುದು ಒಂದು. ಅವರಿಲ್ಲದ ಬದುಕಿನ ಹೊಸ ಕೆಲಸಗಳನ್ನು ಕಲಿಯುವುದು ಇನ್ನೊಂದು: ಬ್ಯಾಂಕಿನ ವ್ಯವಹಾರ, ಒಬ್ಬರಿಗೇ ಅಡುಗೆ, ಒಂಟಿಯಾಗಿ ಮದುವೆ ಮನೆಗೆ ಹೋಗುವುದು. ಎರಡನ್ನೂ ಒಟ್ಟಿಗೆ ಮಾಡಲಾಗದು. ಹಾಗಾಗಿ ಮನಸ್ಸು ಅತ್ತಿಂದಿತ್ತ ಓಡಾಡುತ್ತಿರುತ್ತದೆ, ನಡುನಡುವೆ ಎರಡರಿಂದಲೂ ಬಿಡುವು ತೆಗೆದುಕೊಳ್ಳುತ್ತದೆ. ಸ್ಟ್ರೋಬ ಮತ್ತು ಸ್ಕುಟ್ ಅವರ ಪ್ರಕಾರ ಈ ಓಡಾಟವೇ ಚೇತರಿಕೆಯ ಹಾದಿ. ಹತ್ತು ಗಂಟೆಗೆ ಅತ್ತವರು ಹನ್ನೆರಡಕ್ಕೆ ಟಿ.ವಿ. ನೋಡಿ ನಕ್ಕರೆ ಅಲ್ಲಿ ದೋಷವೇನೂ ಇಲ್ಲ.

ಇಂಥ ಮನಸ್ಸಿನವರು ‘ಅಮ್ಮನ ಬಗ್ಗೆ ಒಂದು ಲೇಖನ ಬರೆಯಬೇಕು’ ಎಂದು ಕೂತರೆ ಏನಾಗುತ್ತದೆ? ಲೇಖನಕ್ಕೆ ಆರಂಭ ಬೇಕು, ಕೊನೆ ಬೇಕು, ಒಂದು ನಿಲುವು ಬೇಕು. ಅವು ಒಳಗೆ ಇನ್ನೂ ಹುಟ್ಟಿಲ್ಲ. ಆಗ ಕೈಗೆ ಸಿಗುವುದು ಪತ್ರಿಕೆಯ ಶ್ರದ್ಧಾಂಜಲಿ ಜಾಹೀರಾತಿನ ಮಾತು: ತುಂಬಲಾರದ ನಷ್ಟ, ಮಮತಾಮಯಿ, ಆದರ್ಶ ಜೀವನ, ಸದಾ ನಿಮ್ಮ ನೆನಪಿನಲ್ಲಿ. ಆ ಮಾತುಗಳು ಹುಟ್ಟಿಕೊಂಡದ್ದು ಊರಿಗೆಲ್ಲ ಸಾವನ್ನು ತಿಳಿಸುವ ಕೆಲಸಕ್ಕೆ, ಅದಕ್ಕೆ ಅವು ಸಾಕು. ಆದರೆ ಅದರಿಂದ ಬರೆದವರಿಗೆ ಹಗುರವಾಗದು. ಬರೆದ ಅಮ್ಮ ಯಾರ ಅಮ್ಮನಾದರೂ ಆಗಬಹುದು ಎನಿಸಿ ಹಾಳೆ ಹರಿದು ಹಾಕುತ್ತಾರೆ.

ಚೀಟಿಗೆ ಆ ತೊಂದರೆಯಿಲ್ಲ. ಅದು ನಿಲುವನ್ನು ಕೇಳುವುದಿಲ್ಲ, ಕೊನೆಯನ್ನು ಕೇಳುವುದಿಲ್ಲ. ಇವತ್ತು, ಈ ಹೊತ್ತಿನಲ್ಲಿ ಇಷ್ಟು ಆಯಿತು ಎಂದರೆ ಮುಗಿಯಿತು.

ಆರು ಚೀಟಿಗಳು

ಇದು ನಡೆಯುವ ಬಗೆಯನ್ನು ಒಂದು ಕಲ್ಪಿತ ಉದಾಹರಣೆಯಿಂದ ನೋಡಬಹುದು. ಹುಬ್ಬಳ್ಳಿಯಲ್ಲಿ ಕೆಲಸ ಮಾಡುವ ಒಬ್ಬ ಮಗಳು. ನಿವೃತ್ತ ಮಾಸ್ತರರಾಗಿದ್ದ ಅಪ್ಪ ಮೇ ತಿಂಗಳಲ್ಲಿ ತೀರಿಕೊಂಡಿದ್ದಾರೆ. ಈಗ ನವೆಂಬರ್. ಆಕೆ ಹಳೆಯ ನೋಟುಪುಸ್ತಕದ ಹಾಳೆಗಳನ್ನು ಕತ್ತರಿಸಿ ಒಂದು ಡಬ್ಬಿಯಲ್ಲಿ ಇಟ್ಟುಕೊಂಡಿದ್ದಾಳೆ. ಬರೆಯುವುದು ಮನೆಯಲ್ಲಿ ಮಾತಾಡುವ ಕನ್ನಡದಲ್ಲಿಯೇ. ಚೀಟಿಗಳು ಹೀಗಿರಬಹುದು:

ನವೆಂಬರ್ 3. ಲೈಟ್ ಬಿಲ್ ಬಂತು. ಇನ್ನೂ ಅಪ್ಪನ ಹೆಸರಲೇ ಐತಿ. ಹೆಸರು ಬದಲಿ ಮಾಡಸಬೇಕು ಅಂತ ಅಣ್ಣ ಅಂದ. ನಾ ಏನೂ ಅನ್ನಲಿಲ್ಲ.

ನವೆಂಬರ್ 6. ಬ್ಯಾಂಕಿನ್ಯಾಗ ಪೆನ್ಶನ್ ಮಂದಿ ಪಾಳಿ ಹಚ್ಚಿದ್ರು, ಜೀವಂತ ಪ್ರಮಾಣಪತ್ರ ಕೊಡಾಕ. ಹ್ವಾದ ವರ್ಷ ಅಪ್ಪನ ಕರಕೊಂಡು ಬಂದಿದ್ದೆ.

ನವೆಂಬರ್ 7. ಇವತ್ತ ಆಫೀಸಿನ್ಯಾಗ ಭಾಳ ನಕ್ಕೆ. ಮನಿಗೆ ಬಂದ ಮ್ಯಾಲ ತಪ್ಪು ಮಾಡಿದ್ಹಂಗ ಅನಿಸ್ತು.

ನವೆಂಬರ್ 12. ಅಪ್ಪಾ, ಆವತ್ತ ರಾತ್ರಿ ನೀ ಫೋನ್ ಮಾಡಿದಾಗ ನಾಳೆ ಮಾತಾಡೂಣು ಅಂದೆ.

ನವೆಂಬರ್ 19. ಅಣ್ಣನ ಮ್ಯಾಲ ಸಿಟ್ಟು. ಎರಡು ದಿನ ಮೊದಲ ದವಾಖಾನಿಗೆ ಕರಕೊಂಡು ಹೋಗಬೇಕಿತ್ತು.

ನವೆಂಬರ್ 20. ಹಂಗ ಅಂತ ನಾನೂ ಆವಾಗ ಹೇಳಿರಲಿಲ್ಲ.

ಆರೂ ಸೇರಿ ಒಂದು ಪುಟವೂ ಆಗುವುದಿಲ್ಲ. ಆದರೂ ಇಲ್ಲಿ ಬಹಳ ನಡೆದಿದೆ. 19ರ ಸಿಟ್ಟನ್ನು 20ರ ಚೀಟಿ ತಿದ್ದಿದೆ, ಆದರೆ ಅಳಿಸಿಲ್ಲ. ಇದೇ ಲೇಖನವಾಗಿದ್ದರೆ ಆಕೆ ಎರಡರಲ್ಲಿ ಒಂದನ್ನು ಆರಿಸಬೇಕಾಗಿತ್ತು. ಒಂದೋ ಅಣ್ಣನನ್ನು ದೂರಬೇಕು, ಇಲ್ಲವೇ ದೊಡ್ಡ ಮನಸ್ಸು ಮಾಡಿ ಸಿಟ್ಟೇ ಬರಲಿಲ್ಲವೆಂಬಂತೆ ಬರೆಯಬೇಕು. ಎರಡೂ ಅರ್ಧ ಸುಳ್ಳಾಗುತ್ತಿದ್ದವು. ದಿನಾಂಕ ಹಾಕಿದ ಎರಡು ಚೀಟಿಗಳು ಅಕ್ಕಪಕ್ಕ ಇದ್ದರೆ ಎರಡೂ ನಿಜವಾಗಿಯೇ ಉಳಿಯುತ್ತವೆ. ದಿನಾಂಕ ಮುಖ್ಯವಾಗುವುದು ಇದಕ್ಕೇ.

ಇವುಗಳಲ್ಲಿ ಕೆಲವು ಚೀಟಿಗಳನ್ನು ಹಿಗ್ಗಿಸಬಹುದು, ಕೆಲವನ್ನು ಹಿಗ್ಗಿಸಬಾರದು. ಯಾವುದೆಂದು ತಿಳಿಯಲು ಒಂದು ಸರಳ ಪರೀಕ್ಷೆ ಇದೆ: ಆ ಚೀಟಿಯಲ್ಲಿ ಕಣ್ಣಿಗೆ ಕಾಣುವಂಥದ್ದು ಏನಾದರೂ ಇದೆಯೇ? 6ರ ಚೀಟಿಯಲ್ಲಿ ಬ್ಯಾಂಕಿದೆ, ಪಾಳಿಯಿದೆ, ಅಪ್ಪ ಇದ್ದಾರೆ. ಅಲ್ಲಿ ಯಾರಿದ್ದರು, ಅಪ್ಪ ಏನು ಹಾಕಿಕೊಂಡಿದ್ದರು, ಏನೆಂದರು, ಆಕೆ ಏನು ಮಾಡಿದಳು ಎಂದು ತನ್ನನ್ನೇ ಕೇಳಿಕೊಂಡರೆ ಆ ಚೀಟಿ ಹೀಗೆ ಬೆಳೆಯಬಹುದು:

ಹ್ವಾದ ವರ್ಷ ಇದೇ ಪಾಳಿಯಾಗ ಅಪ್ಪ ಬಿಳಿ ಅಂಗಿ ಇಸ್ತ್ರಿ ಮಾಡಿಸಿಕೊಂಡು ಬಂದಿದ್ದ. ಫೋಟೋ ತಗೋತಾರ ಅಂತ ಯಾರೋ ಹೇಳಿದ್ರಂತ. ಬೆರಳಚ್ಚು ಮೂಡಲಿಲ್ಲ. ಬೆರಳು ಸವದಾವು, ಒರಸಿಕೊಂಡು ಒತ್ತರಿ ಅಂದ ಆ ಹುಡುಗ. ನಲವತ್ತು ವರ್ಷ ಸೀಮೆಸುಣ್ಣ ಹಿಡದದ್ದು, ಸವೀದ ಏನಾಗ್ತಾವ ಅಂದ ಅಪ್ಪ. ಹಿಂದ ನಿಂತವರೆಲ್ಲ ನಕ್ಕರು. ನಾ ಆಫೀಸಿಗೆ ಹೊತ್ತಾಗ್ತದ ಅಂತ ಮೊಬೈಲ್ ನೋಡಾಕತ್ತಿದ್ದೆ.

ಇಲ್ಲಿ ‘ದುಃಖ’ ಎಂಬ ಶಬ್ದವೇ ಇಲ್ಲ. ಅಪ್ಪ ‘ಕರ್ತವ್ಯನಿಷ್ಠ ಶಿಕ್ಷಕ’ ಎಂದೂ ಹೇಳಿಲ್ಲ. ಆದರೆ ಈ ಅಪ್ಪ ಬೇರೆ ಯಾರ ಅಪ್ಪನೂ ಅಲ್ಲ. ಕೊನೆಯ ವಾಕ್ಯದಲ್ಲಿ ಮಗಳ ಸಂಕಟವೂ ಬಂದಿದೆ, ಆಕೆ ಅದನ್ನು ಹುಡುಕಿಕೊಂಡು ಹೋಗದೆಯೇ.

12ರ ಚೀಟಿಯದು ಬೇರೆ ಕಥೆ. ಕೊನೆಯ ಫೋನ್ ಕರೆಯ ಆ ಒಂದು ಸಾಲಿನಲ್ಲಿ ಆಕೆ ತನ್ನ ಮೇಲೆ ತಾನೇ ಹೊರಿಸಿಕೊಂಡ ಆರೋಪವಿದೆ. ಇನ್ನೂ ಹಸಿಯಾಗಿರುವಾಗ ಅದನ್ನು ಬಲವಂತವಾಗಿ ಬೆಳೆಸಲು ಹೋದರೆ ಆರೋಪ ದೊಡ್ಡದಾಗುತ್ತದೆಯೇ ಹೊರತು ಹೊಸದೇನೂ ಕಾಣುವುದಿಲ್ಲ. ಅದು ಡಬ್ಬಿಯಲ್ಲಿಯೇ ಇರಲಿ.

ಹಗುರವಾಗುತ್ತದೆಯೇ?

‘ಬರೆದುಬಿಡಿ, ಮನಸ್ಸು ಹಗುರವಾಗುತ್ತೆ’ ಎನ್ನುವುದು ಎಲ್ಲರೂ ಕೊಡುವ ಸಲಹೆ. ಇದರ ಹಿಂದೆ ನಿಜವಾದ ಒಂದು ಪ್ರಯೋಗವಿದೆ. 1986ರಲ್ಲಿ ಅಮೆರಿಕದ ಮನೋವಿಜ್ಞಾನಿ ಜೇಮ್ಸ್ ಪೆನ್ನಬೇಕರ್ ಮತ್ತು ಸಾಂಡ್ರಾ ಬೀಲ್ ಕಾಲೇಜು ವಿದ್ಯಾರ್ಥಿಗಳಿಗೆ ದಿನಕ್ಕೆ 15 ನಿಮಿಷದಂತೆ ನಾಲ್ಕು ದಿನ ಬರೆಯಲು ಹೇಳಿದರು. ಕೆಲವರು ಮಾಮೂಲಿ ವಿಷಯಗಳ ಬಗ್ಗೆ ಬರೆದರು, ಕೆಲವರು ತಮ್ಮ ಬದುಕಿನ ಅತಿ ನೋವಿನ ಘಟನೆಯ ಬಗ್ಗೆ. ನೋವನ್ನು ಬರೆದವರು ಬರೆದ ದಿನ ಇನ್ನಷ್ಟು ಕುಗ್ಗಿದ್ದರು. ಆದರೆ ಘಟನೆಯನ್ನೂ ಭಾವನೆಯನ್ನೂ ಸೇರಿಸಿ ಬರೆದವರು ಮುಂದಿನ ತಿಂಗಳುಗಳಲ್ಲಿ ಕಾಲೇಜಿನ ಆರೋಗ್ಯ ಕೇಂದ್ರಕ್ಕೆ ಹೋದದ್ದು ಉಳಿದವರಿಗಿಂತ ಕಡಿಮೆ. ಆ ಬಳಿಕ ಇಂಥ ನೂರಾರು ಅಧ್ಯಯನಗಳು ನಡೆದಿವೆ. ಒಟ್ಟಾರೆಯಾಗಿ ಕಂಡುಬಂದ ಪ್ರಯೋಜನ ಇದೆ, ಆದರೆ ಸಣ್ಣದು.

ಸಾವಿನ ದುಃಖದ ವಿಷಯಕ್ಕೆ ಬಂದರೆ ಚಿತ್ರ ಇನ್ನೂ ಮಸುಕು. ಮಾರ್ಗರೆಟ್ ಸ್ಟ್ರೋಬ ಮತ್ತು ಜೊತೆಗಾರರು 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಂಗಾತಿಯನ್ನು ಕಳೆದುಕೊಂಡು ಹೆಚ್ಚು ಕಾಲವಾಗಿರದವರು ತಮ್ಮ ಭಾವನೆಗಳನ್ನು ಬರೆದಿಟ್ಟರೂ, ಬರೆಯದವರಿಗಿಂತ ಬೇಗ ಚೇತರಿಸಿಕೊಂಡದ್ದು ಕಾಣಲಿಲ್ಲ. ಅಂದರೆ ಒಳಗಿದ್ದುದನ್ನು ಹೊರಹಾಕುವುದಷ್ಟೇ ಔಷಧಿಯಲ್ಲ. 2010ರಲ್ಲಿ ವೆಂಡಿ ಲಿಕ್ಟೆಂತಾಲ್ ಮತ್ತು ಡೀನ್ ಕ್ರೂಸ್ ನಡೆಸಿದ ಅಧ್ಯಯನ ಬೇರೊಂದು ಸುಳಿವು ಕೊಟ್ಟಿತು. ‘ಮನಸ್ಸಿನಲ್ಲಿದ್ದುದನ್ನೆಲ್ಲ ಬರೆಯಿರಿ’ ಎಂದಷ್ಟೇ ಹೇಳದೆ, ಈ ಸಾವನ್ನು ಹೇಗೆ ಅರ್ಥ ಮಾಡಿಕೊಳ್ಳುತ್ತಿದ್ದೀರಿ, ಅದರ ನಂತರ ನಿಮ್ಮ ಬದುಕಿನಲ್ಲಿ ಏನು ಬದಲಾಯಿತು ಎಂಬಂಥ ದಿಕ್ಕು ತೋರಿಸಿದಾಗ ಬರಹದಿಂದ ಹೆಚ್ಚು ಉಪಯೋಗವಾಯಿತು.

ಪೆನ್ನಬೇಕರ್ ಆಮೇಲೆ ಬರಹಗಳನ್ನೇ ಶಬ್ದ ಶಬ್ದವಾಗಿ ಪರಿಶೀಲಿಸಿದರು. ಚೇತರಿಸಿಕೊಂಡವರ ಬರಹದಲ್ಲಿ ಎರಡು ಬದಲಾವಣೆಗಳು ಕಂಡವು. ದಿನ ಕಳೆದಂತೆ ‘ಯಾಕೆಂದರೆ’, ‘ಹಾಗಾಗಿ’, ‘ಈಗ ತಿಳಿಯಿತು’ ಎಂಬಂಥ ಮಾತುಗಳು ಹೆಚ್ಚುತ್ತಿದ್ದವು. ಜೊತೆಗೆ ಬರೆಯುವವರು ಒಂದು ದಿನ ‘ನಾನು, ನನಗೆ’ ಎಂದು ಬರೆದರೆ ಇನ್ನೊಂದು ದಿನ ‘ಅವನು, ಅವಳು, ಅವರು’ ಎನ್ನುತ್ತಿದ್ದರು. ಒಂದೇ ಘಟನೆಯನ್ನು ಅತ್ತ ನಿಂತೊಮ್ಮೆ, ಇತ್ತ ನಿಂತೊಮ್ಮೆ ನೋಡುತ್ತಿದ್ದರು.

ಮನೆಯಲ್ಲಿ ಬರೆಯುವವರಿಗೂ ಇದರಿಂದ ಒಂದು ಅಳತೆಗೋಲು ಸಿಗುತ್ತದೆ. ತಿಂಗಳಿಗೊಮ್ಮೆ ಚೀಟಿಗಳನ್ನು ಹರಡಿ ಓದಿದಾಗ ಹೊಸ ವಿವರಗಳು ಬರುತ್ತಿವೆಯೇ, ಬೇರೆಯವರು ಕಾಣಿಸಿಕೊಳ್ಳುತ್ತಿದ್ದಾರೆಯೇ ಎಂದು ನೋಡಬಹುದು. ಹುಬ್ಬಳ್ಳಿಯ ಮಗಳ 20ನೇ ತಾರೀಖಿನ ಚೀಟಿ ಅಂಥದ್ದು, ಅಲ್ಲಿ ಆಕೆ ಅಣ್ಣನ ಕಡೆಯಿಂದಲೂ ನೋಡಿದ್ದಾಳೆ. ಹಾಗಲ್ಲದೆ ‘ನಾನು ಆವತ್ತೇ ಹೋಗಬೇಕಿತ್ತು’ ಎಂಬ ಒಂದೇ ವಾಕ್ಯ ಅದೇ ಶಬ್ದಗಳಲ್ಲಿ ಹತ್ತಾರು ಚೀಟಿಗಳಲ್ಲಿ ಮರಳಿ ಬಂದಿದ್ದರೆ, ಬರಹ ಗಾಣದೆತ್ತಿನಂತೆ ಸುತ್ತುತ್ತಿದೆ ಎಂದರ್ಥ. ಒಂದೇ ಚಿಂತೆಯನ್ನು ಹೀಗೆ ಮೆಲುಕು ಹಾಕುತ್ತಿರುವುದು ಖಿನ್ನತೆಯನ್ನು ಬೆಳೆಸುತ್ತದೆ ಎಂಬುದು ದುಃಖಿತರ ಮೇಲೆ ನಡೆದ ಅಧ್ಯಯನಗಳಲ್ಲಿ ಕಂಡುಬಂದಿದೆ. ಆಗ ಕೆಲವು ದಿನ ಬರೆಯುವುದನ್ನು ಬಿಟ್ಟು, ಅದೇ ಮಾತನ್ನು ನಂಬಿಕೆಯವರೊಬ್ಬರ ಮುಂದೆ ಹೇಳುವುದು ಒಳ್ಳೆಯದು. ಎದುರಿಗಿರುವವರು ‘ಡಾಕ್ಟರೇ ಮನೆಗೆ ಕಳಿಸಿದ್ರಲ್ಲ, ನಿನಗೆ ಹೇಗೆ ಗೊತ್ತಾಗಬೇಕಿತ್ತು?’ ಎಂದು ಕೇಳಬಲ್ಲರು. ಚೀಟಿಗೆ ಆ ಶಕ್ತಿಯಿಲ್ಲ.

ಪೆನ್ನಬೇಕರ್ ಇನ್ನೊಂದು ನಿಯಮವನ್ನೂ ಹೇಳಿದ್ದಾರೆ. ಯಾವುದೋ ಒಂದು ವಿಷಯ ಬರೆದರೆ ತಡೆದುಕೊಳ್ಳಲಾರೆ ಎನಿಸಿದರೆ ಅದನ್ನು ಬರೆಯಬೇಡಿ, ಬೇರೆಯದನ್ನು ಬರೆಯಿರಿ. ಸಾವಾದ ಕೂಡಲೇ ಇಂಥ ಅಭ್ಯಾಸಕ್ಕೆ ಕೈಹಾಕಬೇಡಿ ಎಂಬುದೂ ಅವರ ಸಲಹೆ.

ಚೀಟಿಯಿಂದ ಪುಸ್ತಕಕ್ಕೆ

ಬಾರ್ತ್ ಅವರ ಚೀಟಿಗಳು ತಾವಾಗಿಯೇ ಪುಸ್ತಕವಾಗಲಿಲ್ಲ. ತಾಯಿಯ ಬಗ್ಗೆ ಒಂದು ಪುಸ್ತಕ ಬರೆಯಬೇಕೆಂಬ ಹಂಬಲ ಅವರಿಗಿತ್ತು, ಆದರೆ ಎಲ್ಲಿಂದ ಹಿಡಿಯಬೇಕೆಂದು ಹೊಳೆದಿರಲಿಲ್ಲ. 1978ರ ಜೂನ್ 13ರಂದು ಹಳೆಯ ಫೋಟೋಗಳನ್ನು ತೆಗೆದು ನೋಡುತ್ತಿದ್ದಾಗ ಒಂದು ಚಿತ್ರ ಸಿಕ್ಕಿತು. 1898ರಲ್ಲಿ ತೆಗೆದದ್ದು. ಗಾಜಿನ ಮಾಡಿನ ತೋಟದ ಮನೆಯಲ್ಲಿ ಐದು ವರ್ಷದ ಪುಟ್ಟ ಹುಡುಗಿ ತನ್ನ ಅಣ್ಣನ ಜೊತೆ ನಿಂತಿದ್ದಾಳೆ. ಆ ಮಗುವಿನ ಮುಖದಲ್ಲಿ ತಾಯಿಯ ಇಡೀ ಸ್ವಭಾವ ಬಾರ್ತ್‌ಗೆ ಕಂಡಿತು. ಅತ್ತೆ ಎಂದು ಆ ದಿನದ ಚೀಟಿಯಲ್ಲಿದೆ.

ಅಲ್ಲಿಂದಲೂ ಹತ್ತು ತಿಂಗಳು ಹಿಡಿಯಿತು. 1979ರ ಏಪ್ರಿಲ್ 15ರಿಂದ ಜೂನ್ 3ರ ನಡುವೆ, ಏಳೇ ವಾರಗಳಲ್ಲಿ, ‘ಕ್ಯಾಮೆರಾ ಲೂಸಿಡಾ’ ಎಂದು ಇಂಗ್ಲಿಷಿನಲ್ಲಿ ಹೆಸರಾದ ಪುಸ್ತಕವನ್ನು ಬರೆದು ಮುಗಿಸಿದರು. ಅದು ಛಾಯಾಚಿತ್ರ ಕಲೆಯ ಬಗೆಗಿನ ಪುಸ್ತಕ. ಅದರ ಎರಡನೆಯ ಭಾಗದ ಕೇಂದ್ರದಲ್ಲಿರುವುದು ಆ ಒಂದು ಫೋಟೋ. ಪುಸ್ತಕದಲ್ಲಿ ಹಲವಾರು ಚಿತ್ರಗಳು ಅಚ್ಚಾಗಿವೆ, ಆದರೆ ಅದೊಂದನ್ನು ಬಾರ್ತ್ ಹಾಕಲಿಲ್ಲ. ತನಗೆ ಅದು ಏನಾಗಿತ್ತೋ ಅದು ಓದುಗರಿಗೆ ಆಗಲಾರದು, ಅವರಿಗೆ ಅದು ಇನ್ನೊಂದು ಹಳೆಯ ಫೋಟೋ ಅಷ್ಟೇ ಎಂಬುದು ಅವರು ಕೊಟ್ಟ ಕಾರಣ.

ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ ಚೀಟಿ ಮತ್ತು ಪುಸ್ತಕ ಬೇರೆ ಬೇರೆ ಕೆಲಸಗಳು ಎಂಬುದು. ಬಾರ್ತ್ 330 ಚೀಟಿಗಳನ್ನು ಒಂದಕ್ಕೊಂದು ಅಂಟಿಸಿ ಪುಸ್ತಕ ಮಾಡಲಿಲ್ಲ. ಒಂದು ವಸ್ತು ಸಿಕ್ಕಿತು, ಅದರ ಸುತ್ತ ಹೊಸದಾಗಿ ಬರೆದರು. ನಮ್ಮಲ್ಲಿಯೂ ಬೇಂದ್ರೆಯವರು ಮಗುವಿನ ಸಾವಿನ ಬಗ್ಗೆ ‘ನೀ ಹೀಂಗ ನೋಡಬ್ಯಾಡ ನನ್ನ’ ಬರೆದಾಗ ಹಿಡಿದದ್ದು ಒಂದನ್ನೇ, ಹೆಂಡತಿಯ ನೋಟವನ್ನು. ಇಡೀ ಕವಿತೆ ಆ ನೋಟವನ್ನು ಎದುರಿಸಲಾರದ ಗಂಡನ ಮಾತು.

ಅಮೆರಿಕದ ಲೇಖಕಿ ಜೋನ್ ಡಿಡಿಯನ್ ಹಿಡಿದ ದಾರಿ ಬೇರೆ. ಅವರ ಗಂಡ ಜಾನ್ ಗ್ರೆಗರಿ ಡನ್ 2003ರ ಡಿಸೆಂಬರ್ 30ರ ರಾತ್ರಿ ಊಟಕ್ಕೆ ಕುಳಿತಲ್ಲೇ ಹೃದಯ ನಿಂತು ತೀರಿಕೊಂಡರು. ಒಂದೆರಡು ದಿನಗಳಲ್ಲಿ ಡಿಡಿಯನ್ ಕಂಪ್ಯೂಟರಿನಲ್ಲಿ ಕೆಲವೇ ಸಾಲು ಬರೆದಿಟ್ಟರು, ಆಮೇಲೆ ತಿಂಗಳುಗಟ್ಟಲೆ ಏನೂ ಬರೆಯಲಿಲ್ಲ. ಪುಸ್ತಕವಾಗಿ ಬರೆಯಲು ತೊಡಗಿದ್ದು 2004ರ ಅಕ್ಟೋಬರಿನಲ್ಲಿ, ಮುಗಿಸಿದ್ದು ಡಿಸೆಂಬರ್ ಕೊನೆಯ ದಿನ. ಒಂಬತ್ತು ತಿಂಗಳಾದರೂ ಅವರ ಮನಸ್ಸು ಚದುರಿಯೇ ಇತ್ತು. ಗಂಡ ಮರಳಿ ಬಂದಾಗ ಬೇಕಾಗುತ್ತದೆ ಎಂದು ಅವರ ಬೂಟುಗಳನ್ನು ಯಾರಿಗೂ ಕೊಡಲಾಗಲಿಲ್ಲ ಎಂದು ಬರೆದುಕೊಂಡಿದ್ದಾರೆ. ಪತ್ರಕರ್ತೆಯಾಗಿದ್ದ ಡಿಡಿಯನ್ ಅದಕ್ಕೆ ಒಂದು ಆಧಾರ ಹುಡುಕಿಕೊಂಡರು, ಅದು ದಾಖಲೆ. ಆಂಬುಲೆನ್ಸ್ ಬಂದ ಮತ್ತು ಹೊರಟ ಹೊತ್ತನ್ನು ತಮ್ಮ ಕಟ್ಟಡದ ಕಾವಲುಗಾರರು ಬರೆದಿಟ್ಟ ಪುಸ್ತಕದಲ್ಲಿ ನೋಡಿದರು, ಆಸ್ಪತ್ರೆಯ ಕಾಗದಪತ್ರ ಓದಿದರು, ಮರಣೋತ್ತರ ಪರೀಕ್ಷೆಯ ವರದಿ ತರಿಸಿಕೊಂಡರು. ಆ ರಾತ್ರಿ ಏನು ಮಾಡಿದ್ದರೂ ಗಂಡ ಉಳಿಯುತ್ತಿರಲಿಲ್ಲ ಎಂಬುದು ಆ ವರದಿಯಿಂದ ಅವರಿಗೆ ಖಾತ್ರಿಯಾಯಿತು.

ಹುಬ್ಬಳ್ಳಿಯ ಮಗಳ 12ರ ಚೀಟಿಗೂ ಮುಂದೆಂದೋ ಇದು ಉಪಯೋಗಕ್ಕೆ ಬರಬಹುದು. ವರ್ಷಾಬ್ದಿಕ ಮುಗಿದ ಮೇಲೆ ಆಸ್ಪತ್ರೆಯ ಡಿಸ್ಚಾರ್ಜ್ ಸಾರಾಂಶ, ಮೊಬೈಲಿನ ಕರೆಗಳ ಪಟ್ಟಿ, ಪಕ್ಕದ ಮನೆಯವರ ನೆನಪು ಎಲ್ಲವನ್ನೂ ಇಟ್ಟುಕೊಂಡು ಆ ರಾತ್ರಿಯನ್ನು ಗಂಟೆಗಂಟೆಯಾಗಿ ಬರೆದರೆ, ಆಕೆ ತನ್ನ ಮೇಲೆ ಹೊರಿಸಿಕೊಂಡ ಆರೋಪದಲ್ಲಿ ಎಷ್ಟು ನಿಜ, ಎಷ್ಟು ಸಂಕಟ ಎಂದು ಬೇರೆ ಮಾಡಿ ನೋಡಲು ಸಾಧ್ಯ.

ಎಲ್ಲಿಗೆ ನಿಲ್ಲಿಸುವುದು, ಯಾರಿಗೆ ಓದಿಸುವುದು

ನಿಲ್ಲಿಸುವ ಬಗ್ಗೆ ಇಂಗ್ಲಿಷ್ ಲೇಖಕ ಸಿ. ಎಸ್. ಲೂಯಿಸ್ ಒಂದು ಸರಳ ಗೆರೆ ಎಳೆದುಕೊಂಡಿದ್ದರು. 1960ರ ಜುಲೈಯಲ್ಲಿ ಹೆಂಡತಿ ಜಾಯ್ ಕ್ಯಾನ್ಸರಿನಿಂದ ತೀರಿಕೊಂಡ ಮೇಲೆ ಮನೆಯಲ್ಲಿ ಸಿಕ್ಕ ಖಾಲಿ ನೋಟುಪುಸ್ತಕಗಳಲ್ಲಿ ಬರೆಯತೊಡಗಿದರು. ನಾಲ್ಕನೆಯದು ತುಂಬಿದಾಗ ನಿಲ್ಲಿಸುವುದು, ಇದಕ್ಕಾಗಿ ಹೊಸ ಪುಸ್ತಕ ಕೊಳ್ಳುವುದಿಲ್ಲ ಎಂದು ನಿರ್ಧರಿಸಿದರು. ದುಃಖ ಮುಗಿಯಿತೆಂದಲ್ಲ. ಎಲ್ಲಾದರೂ ಒಂದು ಕಡೆ ನಿಲ್ಲಿಸದಿದ್ದರೆ ಬರೆಯುವುದಕ್ಕೆ ಕೊನೆಯೇ ಇರುವುದಿಲ್ಲ ಎಂದು. ಡಬ್ಬಿ ತುಂಬುವ ತನಕ, ಇಲ್ಲವೇ ವರ್ಷದ ತಿಥಿಯ ತನಕ ಎಂದು ಮೊದಲೇ ಗೊತ್ತು ಮಾಡಿಕೊಂಡರೆ ಬರೆಯದ ದಿನಗಳಲ್ಲಿ ತಪ್ಪಿತಸ್ಥ ಭಾವ ಕಾಡುವುದು ಕಡಿಮೆ.

ಬರಹದ ಕೈಗೆ ಎಟುಕದ ದುಃಖವೂ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಈಗಿನ ರೋಗಪಟ್ಟಿಯಲ್ಲಿ ದೀರ್ಘಕಾಲದ ಶೋಕವನ್ನು ಒಂದು ಮಾನಸಿಕ ತೊಂದರೆಯಾಗಿ ಸೇರಿಸಲಾಗಿದೆ. ತೀವ್ರ ಹಂಬಲ ಕನಿಷ್ಠ ಆರು ತಿಂಗಳಿಂದ ಒಂದೇ ಸಮನೆ ಕಾಡುತ್ತಿದ್ದು, ಅವರವರ ಸಮಾಜದಲ್ಲಿ ಸಹಜವೆನಿಸುವ ಮಟ್ಟವನ್ನೂ ಮೀರಿ, ಕೆಲಸ, ಮನೆ, ಸಂಬಂಧಗಳನ್ನು ನಡೆಸಲಾರದಂತೆ ಮಾಡಿದ್ದರೆ ಅದಕ್ಕೆ ಚಿಕಿತ್ಸೆ ಬೇಕು ಎಂಬುದು ಅದರ ಸಾರ. ಆರು ತಿಂಗಳಾದರೂ ಅಳು ಬರುತ್ತದೆ ಎಂದಷ್ಟಕ್ಕೇ ಹೆದರಬೇಕಿಲ್ಲ. ಸಾಯಬೇಕೆಂಬ ಯೋಚನೆ ಚೀಟಿಗಳಲ್ಲಿ ಕಾಣಿಸಿಕೊಂಡರೆ ಮಾತ್ರ ಯಾವ ತಿಂಗಳನ್ನೂ ಕಾಯಬಾರದು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಿ ಕನ್ನಡದಲ್ಲಿಯೇ ಮಾತಾಡಬಹುದು.

ಉಳಿದದ್ದು ಓದುವವರ ಪ್ರಶ್ನೆ. ಲೂಯಿಸ್ ತಮ್ಮ ಪುಸ್ತಕವನ್ನು 1961ರಲ್ಲಿ ಎನ್. ಡಬ್ಲ್ಯು. ಕ್ಲರ್ಕ್ ಎಂಬ ಬೇರೆ ಹೆಸರಿನಲ್ಲಿ ಹೊರತಂದರು, ಹೆಂಡತಿಯನ್ನು ಅದರಲ್ಲಿ ಒಂದೇ ಅಕ್ಷರದಿಂದ ಕರೆದರು. ಬಾರ್ತ್‌ಗೆ ಆ ಆಯ್ಕೆ ಮಾಡುವ ಅವಕಾಶ ಸಿಗಲಿಲ್ಲ. 1980ರ ಫೆಬ್ರುವರಿಯಲ್ಲಿ ಪ್ಯಾರಿಸ್ಸಿನ ರಸ್ತೆಯಲ್ಲಿ ಲಾಂಡ್ರಿಯ ವ್ಯಾನೊಂದು ಅವರಿಗೆ ಬಡಿಯಿತು. ಒಂದು ತಿಂಗಳ ಬಳಿಕ ತೀರಿಕೊಂಡರು. ಅವರ ಚೀಟಿಗಳು 2009ರಲ್ಲಿ ಅಚ್ಚಾದಾಗ ಅವರ ಹಳೆಯ ಗೆಳೆಯರೂ ಸಂಪಾದಕರೂ ಆಗಿದ್ದ ಫ್ರಾಂಸ್ವಾ ವಾಲ್ ಬಹಿರಂಗವಾಗಿ ಆಕ್ಷೇಪಿಸಿದರು. ಇಷ್ಟು ಖಾಸಗಿಯಾದದ್ದು ಅಚ್ಚಾಗುವುದನ್ನು ಬಾರ್ತ್ ಒಪ್ಪುತ್ತಿರಲಿಲ್ಲ ಎಂಬುದು ಅವರ ವಾದ. ಇದಕ್ಕೆ ಉತ್ತರ ಕೊಡಬಲ್ಲವರು ಬದುಕಿರಲಿಲ್ಲ.

ಮನೆಯ ಡಬ್ಬಿಯಲ್ಲಿರುವ ಚೀಟಿಗಳಿಗೂ ಇದು ಅನ್ವಯಿಸುತ್ತದೆ. ಅಣ್ಣನ ಮೇಲಿನ ಸಿಟ್ಟು ನವೆಂಬರ್ 20ಕ್ಕೇ ಇಳಿದಿರಬಹುದು, ಆದರೆ 19ರ ಚೀಟಿಯೊಂದೇ ಅವನ ಕೈಗೆ ಸಿಕ್ಕರೆ? ಆಸ್ತಿಯ ಮಾತು, ಆಸ್ಪತ್ರೆಯ ಖರ್ಚಿನ ಮಾತು, ಸತ್ತವರ ಬಗೆಗೇ ಇದ್ದ ಅಸಮಾಧಾನ ಇಂಥ ಬರಹದಲ್ಲಿ ಬಂದೇ ಬರುತ್ತವೆ, ಬರಬೇಕು ಕೂಡ. ಹಾಗಾಗಿ ಯಾರಾದರೂ ಓದಬಹುದು ಎಂದು ಕೈ ಬಿಗಿಹಿಡಿದು ಬರೆಯುವುದಕ್ಕಿಂತ, ಚೀಟಿಗಳಿಗೆ ಬೀಗವಿರುವ ಒಂದು ಜಾಗ ಹುಡುಕುವುದು ಮೇಲು. ಜೊತೆಗೆ ಡಬ್ಬಿಯ ಮುಚ್ಚಳದ ಒಳಗೆ ಎರಡು ಸಾಲು ಅಂಟಿಸಿಡಬಹುದು: ಇವನ್ನು ಯಾರು ಓದಬಹುದು, ತಾನಿಲ್ಲದ ಕಾಲಕ್ಕೆ ಇಟ್ಟುಕೊಳ್ಳಬೇಕೋ ಸುಟ್ಟುಬಿಡಬೇಕೋ ಎಂದು.